ಎಲ್ಲದಕ್ಕೂ ಮಧ್ಯದ ಪದವನ್ನೇ ಒಡೆದರೆ ತಪ್ಪೇನು?

ಪ್ರಶ್ನೆ: ಸರ್, ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳು ಎಸ್ಸೆಸ್ಸಿ ಬೋರ್ಡ್, ಹತ್ತನೇ ತರಗತಿ. ಅಪವರ್ತನ ಮಾಡಿ ಅಂತ ಒಂದು ವರ್ಕ್‌ಶೀಟ್ ಕೊಟ್ಟಿದ್ದಾರೆ. ಪ್ರತಿ ಲೆಕ್ಕದ ಪಕ್ಕ "ಈ ವಿಧಾನವೇ ಯಾಕೆ?" ಅಂತ ಒಂದು ಕಾಲಂ. ಲೆಕ್ಕಗಳು ಇವು: 12x² − 27, 4x² + 12x + 9, 4x² + 13x + 9, x² − x − 72, 6x² − 7x − 20, x² + 2x − 899, x² + 6x + 4. ಇವಳು ಎಲ್ಲದಕ್ಕೂ ಮಧ್ಯದ ಪದ ಒಡೆದಿದ್ದಾಳೆ, ಕಾಲಂ ತುಂಬ ಅದನ್ನೇ ಬರೆದಿದ್ದಾಳೆ. ಮೊದಲನೆಯದಕ್ಕೆ (6x − 9)(2x + 3) ಅಂತ ಉತ್ತರ. ನಾನು ಗುಣಿಸಿ ನೋಡಿದೆ, 12x² − 27 ಸರಿಯಾಗೇ ಬರುತ್ತದೆ. ಆದರೂ ಅಂಕ ಕಳೆದಿದ್ದಾರೆ. ಕೊನೆಯ ಎರಡು ಅವಳಿಗೆ ಬಂದೇ ಇಲ್ಲ. ಉತ್ತರ ಬಂದರೆ ಸಾಕಲ್ವಾ? ವಿಧಾನಕ್ಕೆ ಯಾಕೆ ಇಷ್ಟು ಹಟ?

ಉತ್ತರ: ಮೊದಲ ಲೆಕ್ಕದಲ್ಲಿ ಅಂಕ ಕಳೆದದ್ದು ವಿಧಾನಕ್ಕಲ್ಲ, ಉತ್ತರಕ್ಕೇ. ನೀವು ಗುಣಿಸಿದ್ದು ಸರಿ, ಆದರೆ ಆ ಉತ್ತರ ಅರ್ಧಕ್ಕೇ ನಿಂತಿದೆ. 6x − 9 ನೋಡಿ. ಅದರೊಳಗೆ ಇನ್ನೂ ಒಂದು 3 ಕೂತಿದೆ: 6x − 9 = 3(2x − 3). ಪೂರ್ತಿ ಉತ್ತರ 3(2x − 3)(2x + 3). ಅಪವರ್ತನ ಮಾಡಿ ಅಂದರೆ ಇನ್ನು ಒಡೆಯಲು ಆಗದಷ್ಟು ಒಡೆಯಿರಿ ಎಂದೇ ಅರ್ಥ. 60 ಅನ್ನು ಒಡೆಯಿರಿ ಅಂದಾಗ 4 × 15 ಅಂತ ಬರೆದು ನಿಲ್ಲಿಸುವುದಿಲ್ಲವಲ್ಲ, ಹಾಗೆ.

ಈ ತಪ್ಪು ಆದದ್ದು ಮೊದಲ ಹೆಜ್ಜೆ ಬಿಟ್ಟಿದ್ದರಿಂದ. 12 ಮತ್ತು 27 ಎರಡನ್ನೂ 3 ಭಾಗಿಸುತ್ತದೆ. ಮೊದಲೇ ಅದನ್ನು ಹೊರಗೆ ತೆಗೆದರೆ ಉಳಿಯುವುದು 3(4x² − 9). ಈಗ ಒಳಗೆ (2x)² − 3² ಎದ್ದು ಕಾಣುತ್ತದೆ. ಎರಡು ವರ್ಗಗಳ ವ್ಯತ್ಯಾಸ, ಒಂದೇ ಸಾಲಿನಲ್ಲಿ ಮುಗಿಯಿತು. 3 ತೆಗೆಯುವ ಮೊದಲು ಈ ರೂಪ ಕಾಣುತ್ತಲೇ ಇರಲಿಲ್ಲ, ಯಾಕೆಂದರೆ 12 ಆಗಲಿ 27 ಆಗಲಿ ಪೂರ್ಣವರ್ಗವಲ್ಲ. ಕಾಲಂನಲ್ಲಿ ಬರೆಯಬೇಕಾದ ಕಾರಣ ಇದೇ: "ಎರಡು ಪದಕ್ಕೂ 3 ಸಾಮಾನ್ಯ; ಅದು ಹೊರಬಂದ ಮೇಲೆ ಎರಡು ವರ್ಗಗಳ ನಡುವೆ ಮೈನಸ್ ಉಳಿಯುತ್ತದೆ, x ಇರುವ ಮಧ್ಯದ ಪದ ಇಲ್ಲ."

ಇದರ ಜೊತೆ ಒಂದು ಪರೀಕ್ಷೆ ಕಲಿಸಿಕೊಡಿ. ಉತ್ತರದ ಯಾವುದಾದರೂ ಬ್ರಾಕೆಟ್‌ನಲ್ಲಿ ಸಾಮಾನ್ಯ ಸಂಖ್ಯೆ ಉಳಿದಿದ್ದರೆ, ಶುರುವಿನಲ್ಲೇ ಏನೋ ಬಿಟ್ಟಿದ್ದೇವೆ ಎಂದರ್ಥ. ಮೂಲ ಬೀಜೋಕ್ತಿಯಲ್ಲಿ ಸಾಮಾನ್ಯ ಸಂಖ್ಯೆ ಇಲ್ಲದಿದ್ದರೆ ಬ್ರಾಕೆಟ್‌ಗಳಲ್ಲೂ ಇರಲು ಸಾಧ್ಯವೇ ಇಲ್ಲ. ಹೊರಗೆ ತೆಗೆದ 3 ಅನ್ನು ಕೊನೆಯವರೆಗೂ ಬರೆಯಬೇಕು ಎಂಬುದನ್ನೂ ಹೇಳಿ. 12x² − 27 = 0 ಅಂತ ಸಮೀಕರಣ ಇದ್ದಾಗ ಎರಡೂ ಕಡೆ 3ರಿಂದ ಭಾಗಿಸಿ ಬಿಸಾಡಬಹುದು. ಇಲ್ಲಿ ಸಮ ಚಿಹ್ನೆಯ ಆಚೆ ಏನೂ ಇಲ್ಲ, ಆದ್ದರಿಂದ 3 ಬಿಟ್ಟರೆ ಅದು ಬೇರೆಯೇ ಬೀಜೋಕ್ತಿ. ಹತ್ತನೇ ತರಗತಿಯಲ್ಲಿ ವರ್ಗಸಮೀಕರಣ ಶುರುವಾದ ಮೇಲೆ ಈ ಗೊಂದಲ ಜಾಸ್ತಿ. ಎಂಟನೇ ತರಗತಿಯಲ್ಲಿ ಇದೇ ಅಪವರ್ತನ ಮಾಡುವಾಗ ಯಾರೂ 3 ಬಿಡುವುದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಮಧ್ಯದ ಪದ ಒಡೆಯುವುದು ಕೆಟ್ಟ ವಿಧಾನವಲ್ಲ. ಅದು ನಿಮ್ಮ ಸ್ಲೋ ಲೋಕಲ್ ಇದ್ದ ಹಾಗೆ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಕೊನೆಗೆ ಊರು ಮುಟ್ಟಿಸುತ್ತದೆ. ಫಾಸ್ಟ್ ಗಾಡಿ ಯಾವಾಗ ಸಿಗುತ್ತದೆ ಎಂದು ತಿಳಿಯಬೇಕಾದರೆ, ಈ ಸ್ಲೋ ಗಾಡಿ ಹೇಗೆ ಓಡುತ್ತದೆ ಎಂದು ಮೊದಲು ಗೊತ್ತಿರಬೇಕು. ಬೀಜೋಕ್ತಿ ax² + bx + c ಎಂದಿಟ್ಟುಕೊಳ್ಳಿ. ಹೆಚ್ಚಿನ ಮಕ್ಕಳಿಗೆ "ಗುಣಿಸಿದರೆ ac, ಕೂಡಿಸಿದರೆ b ಬರುವ ಎರಡು ಸಂಖ್ಯೆ ಹುಡುಕು" ಎಂದು ಬಾಯಿಪಾಠ ಇರುತ್ತದೆ. ಅದು ac ಯಾಕೆ, ಬರೀ c ಯಾಕಲ್ಲ ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಹಿಂದಿನಿಂದ ಬನ್ನಿ. ಉತ್ತರ (px + q)(rx + s) ಆಗಿದೆ ಎಂದುಕೊಳ್ಳಿ. ಗುಣಿಸಿದರೆ ಹೀಗೆ ಬರುತ್ತದೆ:

pr x² + ps x + qr x + qs

ಮಧ್ಯದಲ್ಲಿ x ಇರುವ ಪದಗಳು ಎರಡು, ps ಮತ್ತು qr. ಅವೆರಡೂ ಕೂಡಿ b ಆಗಿವೆ. ಅವೆರಡನ್ನೂ ಗುಣಿಸಿ ನೋಡಿ: ps × qr. ಅಕ್ಷರಗಳನ್ನು ಬೇರೆ ರೀತಿ ಜೋಡಿಸಿದರೆ ಅದೇ pr × qs. ಅಂದರೆ ಮೊದಲ ಸಹಗುಣಕ ಗುಣಿಸು ಕೊನೆಯ ಸಂಖ್ಯೆ, ಅದೇ ac. ಗುಣಾಕಾರ ಮಾಡುವಾಗ ಕೂಡಿಕೊಂಡು ಮಾಯವಾದ ಎರಡು ಪದಗಳನ್ನು ನಾವು ಮತ್ತೆ ಬೇರೆ ಮಾಡುತ್ತಿದ್ದೇವೆ, ಅಷ್ಟೇ. ಆ ಎರಡು ಸಂಖ್ಯೆಗಳಿಗೆ m, n ಎಂದು ಹೆಸರಿಡೋಣ. m + n = b, mn = ac.

ಈ m ಮತ್ತು n ಪರಸ್ಪರ ಹೇಗಿವೆ ಎಂಬುದೇ ಆ ಕಾಲಂನ ಉತ್ತರ. ಎರಡೂ ಒಂದೇ ಆಗಿದ್ದರೆ ಪೂರ್ಣವರ್ಗ. ಒಂದು ಇನ್ನೊಂದರ ಮೈನಸ್ ಆಗಿದ್ದರೆ ಕೂಡಿ ಸೊನ್ನೆಯಾಗುತ್ತವೆ, ಮಧ್ಯದ ಪದ ಕಾಣೆಯಾಗುತ್ತದೆ, ಅದೇ ವರ್ಗಗಳ ವ್ಯತ್ಯಾಸ. ಒಂದು ಸೊನ್ನೆಯೇ ಆಗಿದ್ದರೆ ಕೊನೆಯ ಸಂಖ್ಯೆ ಇರುವುದಿಲ್ಲ, x ಅನ್ನು ಹೊರಗೆ ತೆಗೆದರೆ ಮುಗಿಯಿತು. ಶಾಲೆಯಲ್ಲಿ ಬೇರೆ ಬೇರೆ ಸೂತ್ರಗಳಾಗಿ ಕಲಿಸುವ ಇವೆಲ್ಲ ಒಂದೇ ಜೋಡಿಯ ವಿಶೇಷ ಸಂದರ್ಭಗಳು. ಜೋಡಿ ಹುಡುಕದೆಯೇ ಕಣ್ಣಿಗೆ ಬೀಳುತ್ತವೆ, ಅದಕ್ಕೇ ಇವು ಬೇಗ. ಜೋಡಿಯಲ್ಲಿ ಇಂಥ ವಿಶೇಷ ಏನೂ ಇಲ್ಲದಾಗ ಮಾತ್ರ ಅದನ್ನು ಕೂತು ಹುಡುಕಬೇಕು.

4x² + 12x + 9 ಮತ್ತು 4x² + 13x + 9 ಎರಡನ್ನೂ ಅಕ್ಕಪಕ್ಕ ಇಟ್ಟ ಟೀಚರ್ ಜಾಣರು. ಎರಡರಲ್ಲೂ ಮೊದಲ ಪದ (2x)², ಕೊನೆಯದು 3². ತುದಿ ಎರಡೂ ವರ್ಗ ಅಂತ ನೋಡಿ ಮಕ್ಕಳು ಎರಡಕ್ಕೂ (2x + 3)² ಬರೆದುಬಿಡುತ್ತಾರೆ. ಪೂರ್ಣವರ್ಗ ಆಗಬೇಕಾದರೆ ಮಧ್ಯದ ಪದ ಸರಿಯಾಗಿ 2 × 2x × 3, ಅಂದರೆ 12x ಇರಬೇಕು. ಮೊದಲನೆಯದರಲ್ಲಿ ಇದೆ, ಮುಗಿಯಿತು. ಎರಡನೆಯದರಲ್ಲಿ 13x. ಒಂದೇ ಒಂದು ಜಾಸ್ತಿ, ಆದರೆ ಸೂತ್ರ ಅಲ್ಲಿಗೆ ಬಿದ್ದುಹೋಯಿತು.

ಜೋಡಿಯ ಕಣ್ಣಿನಿಂದ ನೋಡಿದರೆ ಎರಡರಲ್ಲೂ ac = 36. 6 ಮತ್ತು 6 ಕೂಡಿದರೆ 12, ಜೋಡಿ ಒಂದೇ, ಪೂರ್ಣವರ್ಗ. 4 ಮತ್ತು 9 ಕೂಡಿದರೆ 13, ಜೋಡಿ ಬೇರೆ ಬೇರೆ, ಒಡೆಯಲೇಬೇಕು:

4x² + 4x + 9x + 9
= 4x(x + 1) + 9(x + 1)
= (x + 1)(4x + 9)

ಕಾಲಂನಲ್ಲಿ "ತುದಿಗಳು ವರ್ಗ, ಆದರೆ ಮಧ್ಯದ ಪದ 12x ಅಲ್ಲ, ಆದ್ದರಿಂದ ಪೂರ್ಣವರ್ಗ ಅಲ್ಲ" ಎಂದು ಬರೆದರೆ ಸಾಕು. ಒಂದು ವಿಧಾನ ಯಾಕೆ ಬೇಡ ಎಂದು ಹೇಳುವುದೂ ಕಾರಣವೇ.

x² − x − 72 ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಸಹಗುಣಕ 1, ಹಾಗಾಗಿ ac ಅಂದರೆ −72 ತಾನೇ. ಜೋಡಿ 8 ಮತ್ತು −9, ನೇರವಾಗಿ (x + 8)(x − 9). x²ನ ಸಹಗುಣಕ 1 ಇದ್ದಾಗ ನಾಲ್ಕು ಪದ ಬರೆದು ಗುಂಪು ಮಾಡುವ ಕೆಲಸವೇ ಬೇಡ, ಜೋಡಿಯೇ ಬ್ರಾಕೆಟ್ ಒಳಗೆ ಹೋಗಿ ಕೂರುತ್ತದೆ.

6x² − 7x − 20 ಈ ಹಾಳೆಯ ಮುಖ್ಯ ಲೆಕ್ಕ. ಇದಕ್ಕೆ ಮಗಳ ವಿಧಾನವೇ ಸರಿ. ಸಾಮಾನ್ಯ ಸಂಖ್ಯೆ ಇಲ್ಲ, 6 ವರ್ಗವಲ್ಲ, 20 ವರ್ಗವಲ್ಲ, ಮಧ್ಯದ ಪದ ಇದೆ. ಬೇರೆ ಬಾಗಿಲುಗಳೆಲ್ಲ ಮುಚ್ಚಿವೆ. ಇಲ್ಲಿ ಮಕ್ಕಳು ಸೋಲುವುದು ಎರಡು ಕಡೆ: ಜೋಡಿ ಹುಡುಕುವಾಗ, ಮತ್ತೆ ಮೈನಸ್ ಹೊರಗೆ ತೆಗೆಯುವಾಗ.

ac = 6 × (−20) = −120. ಗುಣಲಬ್ಧ ಮೈನಸ್, ಹಾಗಾದರೆ ಜೋಡಿಯಲ್ಲಿ ಒಂದು ಪ್ಲಸ್, ಒಂದು ಮೈನಸ್. ಕೂಡಿದರೆ −7 ಬರಬೇಕು, ಆದ್ದರಿಂದ ದೊಡ್ಡದಕ್ಕೆ ಮೈನಸ್. ಚಿಹ್ನೆ ಬಿಟ್ಟು ನೋಡಿದರೆ ಕೆಲಸ ಇಷ್ಟು: ಗುಣಿಸಿದರೆ 120, ಕಳೆದರೆ 7. ಬಹಳ ಮಕ್ಕಳು 1 × 120, 2 × 60, 3 × 40 ಅಂತ ಮೇಲಿನಿಂದ ಶುರು ಮಾಡಿ ಸುಸ್ತಾಗುತ್ತಾರೆ. ವ್ಯತ್ಯಾಸ 7 ಚಿಕ್ಕದು, ಅಂದರೆ ಎರಡು ಸಂಖ್ಯೆಗಳೂ ಹತ್ತಿರ ಹತ್ತಿರ ಇರಬೇಕು. 120ರ ವರ್ಗಮೂಲ 11ಕ್ಕೆ ಸಮೀಪ. ಅಲ್ಲಿಂದ ಹೊರಗೆ ಬನ್ನಿ. 10 × 12, ವ್ಯತ್ಯಾಸ 2. 9 ಭಾಗಿಸುವುದಿಲ್ಲ. 8 × 15, ವ್ಯತ್ಯಾಸ 7. ಸಿಕ್ಕಿತು: 8 ಮತ್ತು −15. ವ್ಯತ್ಯಾಸ ದೊಡ್ಡದಿದ್ದಾಗ ಮಾತ್ರ 1, 2, 3 ಅಂತ ತುದಿಯಿಂದ ಹುಡುಕಬೇಕು.

6x² + 8x − 15x − 20
= 2x(3x + 4) − 5(3x + 4)
= (3x + 4)(2x − 5)

ಎರಡನೇ ಸಾಲಿನಲ್ಲಿ −5 ಹೊರಗೆ ಬಂದಾಗ ಒಳಗಿನ −20 ಪ್ಲಸ್ 4 ಆಗುತ್ತದೆ. ಅಲ್ಲಿ −5(3x − 4) ಎಂದು ಬರೆಯುವುದು ಎಲ್ಲ ತರಗತಿಯಲ್ಲೂ ಕಾಣುವ ತಪ್ಪು. ಗುರುತಿಸುವುದು ಸುಲಭ: ಎರಡು ಬ್ರಾಕೆಟ್‌ಗಳು ಹೊಂದುವುದಿಲ್ಲ. ಜೋಡಿ ಸರಿಯಿದ್ದರೆ ಬ್ರಾಕೆಟ್‌ಗಳು ಹೊಂದಲೇಬೇಕು, ಅದು ಅದೃಷ್ಟದ ಮಾತಲ್ಲ. ಹಾಗಾಗಿ ಹೊಂದದಿದ್ದಾಗ ಜೋಡಿಯ ಗುಣಲಬ್ಧ ಮತ್ತು ಮೊತ್ತವನ್ನು ಒಮ್ಮೆ ನೋಡಿ. ಅವೆರಡೂ ಸರಿಯಿದ್ದರೆ ತಪ್ಪು ಚಿಹ್ನೆಯಲ್ಲಿ ಅಥವಾ ಸಾಮಾನ್ಯ ಸಂಖ್ಯೆ ತೆಗೆಯುವಲ್ಲಿ ಇದೆ, ಹೊಸ ಜೋಡಿ ಹುಡುಕಲು ಹೋಗಬೇಡಿ. −15x ಮೊದಲು ಬರೆದು 8x ಆಮೇಲೆ ಬರೆದರೆ ಈ ಗೊಂದಲವೇ ಇಲ್ಲ:

6x² − 15x + 8x − 20
= 3x(2x − 5) + 4(2x − 5)

ಅದೇ ಉತ್ತರ. ಮೈನಸ್ ಇರುವ ಪದವನ್ನು ಮೊದಲ ಗುಂಪಿಗೆ ಹಾಕುವ ಅಭ್ಯಾಸ ಒಳ್ಳೆಯದು. ಎರಡೂ ಮೈನಸ್ ಇದ್ದಾಗ ಮಾತ್ರ ಇದು ನಡೆಯುವುದಿಲ್ಲ, ಅಲ್ಲಿ ಎಚ್ಚರ ಬೇಕೇ ಬೇಕು.

ಉತ್ತರ ಸರಿಯೋ ಎಂದು ನೋಡಲು ನೀವು ಪೂರ್ತಿ ಗುಣಿಸುವ ಅಗತ್ಯವಿಲ್ಲ. x ಜಾಗದಲ್ಲಿ 10 ಹಾಕಿ. 600 − 70 − 20 = 510. ಆ ಕಡೆ 34 × 15 = 510. ಕೆಲವರು 1 ಹಾಕುತ್ತಾರೆ, ಅದು ಇನ್ನೂ ಬೇಗ, ಆದರೆ ಒಂದು ತಪ್ಪನ್ನು ಹಿಡಿಯುವುದಿಲ್ಲ. ಮಗಳು (4x + 9)(x + 1) ಬದಲು ಅಂಕಿ ಅದಲುಬದಲಾಗಿ (9x + 4)(x + 1) ಅಂತ ಬರೆದಿದ್ದರೆ, 1 ಹಾಕಿದಾಗ ಎರಡೂ 26 ಕೊಡುತ್ತವೆ. 10 ಹಾಕಿದರೆ ಒಂದು 539, ಇನ್ನೊಂದು 1034. ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ನೆನಪಿಡಿ, ಮೊದಲ ಲೆಕ್ಕದಂತೆ ಅರ್ಧಕ್ಕೆ ನಿಂತ ಉತ್ತರವನ್ನು ಯಾವ ಸಂಖ್ಯೆಯೂ ಹಿಡಿಯುವುದಿಲ್ಲ. ಅದಕ್ಕೆ ಬ್ರಾಕೆಟ್ ಒಳಗೇ ಕಣ್ಣು ಹಾಯಿಸಬೇಕು.

ಇನ್ನು ಅವಳಿಗೆ ಬಾರದ ಎರಡು. x² + 2x − 899ರಲ್ಲಿ ಅವಳು ಸೋತದ್ದು ಸಹಜ. 899 ಯಾವುದರಿಂದ ಭಾಗವಾಗುತ್ತದೆ? 2, 3, 5, 7, 11, 13 ಯಾವುದರಿಂದಲೂ ಇಲ್ಲ. ಇಲ್ಲಿ ಜೋಡಿ ಹುಡುಕುತ್ತಾ ಕೂತರೆ ಪರೀಕ್ಷೆಯ ಹೊತ್ತು ಅಲ್ಲೇ ಹೋಗುತ್ತದೆ. ಮೊದಲ ಎರಡು ಪದಗಳನ್ನು ಮಾತ್ರ ನೋಡಿ: x² + 2x. ಇದಕ್ಕೆ 1 ಸೇರಿಸಿದರೆ (x + 1)². ಸೇರಿಸಿದ 1 ಅನ್ನು ಕಳೆಯಬೇಕು:

x² + 2x + 1 − 1 − 899
= (x + 1)² − 900
= (x + 1)² − 30²
= (x + 31)(x − 29)

ವರ್ಗ ಪೂರ್ಣಗೊಳಿಸಿದ್ದರಿಂದ ಲೆಕ್ಕ ವರ್ಗಗಳ ವ್ಯತ್ಯಾಸವಾಗಿ ಬದಲಾಯಿತು. ಈ ವಿಧಾನ ಯಾವಾಗ ಸಲೀಸು ಅಂದರೆ, x²ನ ಸಹಗುಣಕ 1 ಇದ್ದು ಮಧ್ಯದ್ದು ಸಮಸಂಖ್ಯೆ ಆಗಿದ್ದಾಗ. ಆಗ ಅರ್ಧ ಮಾಡಿದರೂ ಭಿನ್ನರಾಶಿ ಬರುವುದಿಲ್ಲ. ಅದೇ ವಿಧಾನವನ್ನು 6x² − 7x − 20ಕ್ಕೆ ಹಾಕಿ ನೋಡಿ. 6 ಹೊರಗೆ ತೆಗೆಯಬೇಕು, 7/6ರ ಅರ್ಧ 7/12, ಅದರ ವರ್ಗ 49/144. ಉತ್ತರ ಬರುತ್ತದೆ, ಆದರೆ 529/144ರ ವರ್ಗಮೂಲ ಹಿಡಿದುಕೊಂಡು ಒದ್ದಾಡಬೇಕು. ಕಾಲಂಗೆ ಇದೇ ವಾಕ್ಯ: "ಸ್ಥಿರಪದ ದೊಡ್ಡದು, ಅಪವರ್ತನ ಸುಲಭವಾಗಿ ಕಾಣುವುದಿಲ್ಲ, ಮಧ್ಯದ ಸಹಗುಣಕ ಸಮ, ಆದ್ದರಿಂದ ವರ್ಗ ಪೂರ್ಣಗೊಳಿಸಿದೆ."

ಕೊನೆಯದು, x² + 6x + 4. ಇಲ್ಲಿ ಜೋಡಿ ಸಿಗಲಿಲ್ಲ ಎಂದು ಅವಳು ಖಾಲಿ ಬಿಟ್ಟಿರಬೇಕು. ಸಿಗದಿರುವುದೇ ಇಲ್ಲಿಯ ಉತ್ತರದ ಅರ್ಧ ಭಾಗ. ಗುಣಲಬ್ಧ 4, ಮೊತ್ತ ಪ್ಲಸ್. ಹಾಗಾದರೆ ಸಾಧ್ಯವಿರುವ ಜೋಡಿಗಳು ಎರಡೇ: 1 ಮತ್ತು 4, ಮೊತ್ತ 5, 2 ಮತ್ತು 2, ಮೊತ್ತ 4. ಯಾವುದೂ 6 ಅಲ್ಲ. ಎಲ್ಲ ಜೋಡಿಗಳನ್ನೂ ನೋಡಿಯಾಯಿತು, ಆದ್ದರಿಂದ ಪೂರ್ಣಾಂಕಗಳಲ್ಲಿ ಆಗುವುದಿಲ್ಲ ಎಂದು ಧೈರ್ಯವಾಗಿ ಬರೆಯಬಹುದು. ಭಿನ್ನರಾಶಿ ಹಾಕಿದರೂ ಆಗುವುದಿಲ್ಲ.

ಸಂಖ್ಯೆ ದೊಡ್ಡದಿದ್ದಾಗ ಎಲ್ಲ ಜೋಡಿ ನೋಡಲು ಆಗುವುದಿಲ್ಲವಲ್ಲ, ಆಗ ಏನು ಮಾಡುವುದು? ಹತ್ತನೇ ತರಗತಿಯ ಶೋಧಕ b² − 4ac ಇಲ್ಲಿ ಕೆಲಸಕ್ಕೆ ಬರುತ್ತದೆ. b ಅಂದರೆ m + n, ac ಅಂದರೆ mn. ಹಾಗಾದರೆ

b² − 4ac = (m + n)² − 4mn = (m − n)²

ಶೋಧಕ ಎಂದರೆ ಜೋಡಿಯ ವ್ಯತ್ಯಾಸದ ವರ್ಗ, ಬೇರೇನಲ್ಲ. ಅದು ಪೂರ್ಣವರ್ಗವಾದರೆ ಜೋಡಿ ಇದೆ, ಇಲ್ಲದಿದ್ದರೆ ಇಲ್ಲ. 6x² − 7x − 20ಕ್ಕೆ ಅದು 49 + 480 = 529, ಅಂದರೆ 23². ಮೊತ್ತ −7, ವ್ಯತ್ಯಾಸ 23. ಕೂಡಿ ಅರ್ಧ ಮಾಡಿದರೆ 8, −7ರಿಂದ 23 ಕಳೆದು ಅರ್ಧ ಮಾಡಿದರೆ −15. ಹುಡುಕಾಟವಿಲ್ಲದೆ ಜೋಡಿ ಕೈಗೆ ಬಂತು. x² + 6x + 4ಕ್ಕೆ 36 − 16 = 20. ಪೂರ್ಣವರ್ಗವಲ್ಲ.

ಇನ್ನು ಹಾಳೆಯ ಮೇಲೆ ಏನು ಕೇಳಿದ್ದಾರೆ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಪೂರ್ಣಾಂಕಗಳಲ್ಲಿ ಮಾತ್ರ ಎಂದಿದ್ದರೆ "ಅಪವರ್ತನ ಸಾಧ್ಯವಿಲ್ಲ, ಶೋಧಕ 20 ಪೂರ್ಣವರ್ಗವಲ್ಲ" ಎಂದು ಬರೆದರೆ ಮುಗಿಯಿತು. ಅಂಥ ನಿಬಂಧನೆ ಇಲ್ಲದಿದ್ದರೆ, 6 ಸಮಸಂಖ್ಯೆ ಆದ್ದರಿಂದ ವರ್ಗ ಪೂರ್ಣಗೊಳಿಸಲಿ:

x² + 6x + 9 − 9 + 4
= (x + 3)² − 5
= (x + 3 + √5)(x + 3 − √5)

ಇಲ್ಲಿಗೆ ನಿಲ್ಲಿಸಲು ಹೇಳಿ. ಇದರ ಕೆಳಗೆ ರೂಢಿಬಲದಿಂದ "= 0" ಸೇರಿಸಿ x = −3 ± √5 ಎಂದು ಬರೆಯುವ ಮಕ್ಕಳು ಬಹಳ. ಈ ಹಾಳೆ x ಎಷ್ಟು ಎಂದು ಕೇಳಿಲ್ಲ.